ಕೇಳುವ ಕಿವಿ, ಕೇಳದ ಯಂತ್ರ

(ಸಂಘದ ವಾರ್ಷಿಕ ಸಮಾರಂಭದಲ್ಲಿ ‘ಧ್ವನಿಮುದ್ರಣ ಬಂದ ಮೇಲೆ ನಮ್ಮ ಕೇಳುವಿಕೆ’ ಎಂಬ ಅತಿಥಿ ಉಪನ್ಯಾಸಕ್ಕೆ ಮುನ್ನ, ಭಾನುವಾರದ ತಜ್ವೀದ್ ತರಗತಿಯ ವಿದ್ಯಾರ್ಥಿಗಳ ಪರವಾಗಿ ಮಾಡಿದ ಪ್ರಾಸ್ತಾವಿಕ ಭಾಷಣ)



ವಾರವಿಡೀ ನಾನು ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಮಾತ್ರ ವಿದ್ಯಾರ್ಥಿ. ಆ ವಿದ್ಯಾರ್ಥಿಯಾಗಿಯೇ ಇಂದಿನ ವಿಷಯವನ್ನು ಸಭೆಯ ಮುಂದಿಡಲು ಹಜ್ರತರು ಅಪ್ಪಣೆ ಕೊಟ್ಟಿದ್ದಾರೆ. ಧ್ವನಿಮುದ್ರಣದ ವಿಷಯ ದೊಡ್ಡದು. ಹಾಡು, ನಾಟಕ, ರೇಡಿಯೋ, ಭಾಷಣ ಎಲ್ಲವೂ ಅದರೊಳಗೆ ಬರುತ್ತವೆ. ಅವನ್ನೆಲ್ಲ ನಮ್ಮ ಅತಿಥಿಗಳಿಗೆ ಬಿಟ್ಟು, ನಮ್ಮ ತರಗತಿಗೆ ಹತ್ತಿರವಾದ ಒಂದು ಎಳೆಯನ್ನು ಮಾತ್ರ ಹಿಡಿಯುತ್ತೇನೆ. ಕುರ್‌ಆನ್ ಪಠಣ ಯಂತ್ರದೊಳಗೆ ಹೋದ ಮೇಲೆ ಅದನ್ನು ಕೇಳಿ ಕಲಿಯುವ ನಮ್ಮಂಥವರ ಕಿವಿಗೆ ಏನಾಯಿತು ಎಂಬುದೇ ಆ ಎಳೆ.

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಶಬ್ದಕ್ಕೆ ಎರಡು ಕೆಲಸ. ಹಾಡು ಕೇಳುತ್ತೇವೆ, ಪ್ರಶ್ನೆಯನ್ನೂ ಕೇಳುತ್ತೇವೆ. ಉರ್ದುವಿನಲ್ಲಿ ಸುನ್ನಾ ಬೇರೆ, ಪೂಛ್ನಾ ಬೇರೆ. ಎರಡು ಭಾಷೆಗಳ ನಡುವೆ ದಿನ ಕಳೆಯುವ ನನಗೆ ಕನ್ನಡದ ಈ ಶಬ್ದ ಸದಾ ಇಷ್ಟ. ನಮ್ಮ ಹಿಫ್ಜ್ ತರಗತಿಯಲ್ಲಿ ಮಗು ಬೆಳಿಗ್ಗೆ ಮಾಡುವ ಮೊದಲ ಕೆಲಸಕ್ಕೆ ‘ಸಬಕ್ ಸುನಾನಾ’ ಎನ್ನುತ್ತಾರೆ. ಅಂದರೆ ಪಾಠವನ್ನು ಗುರುವಿಗೆ ಕೇಳಿಸುವುದು. ಕನ್ನಡ ಶಾಲೆಯಲ್ಲಿ ಇದನ್ನೇ ‘ಪಾಠ ಒಪ್ಪಿಸುವುದು’ ಎನ್ನುತ್ತಿದ್ದರು. ಎರಡು ಮಾತಿನಲ್ಲೂ ಅಡಗಿರುವ ಸಂಗತಿ ಒಂದೇ: ಕಲಿಯುವವನು ಕೇಳಿದರೆ ಸಾಲದು, ಕಲಿಸುವವನೂ ಕೇಳಬೇಕು.

ಈ ಎರಡು ದಿಕ್ಕಿನ ಕೇಳುವಿಕೆ ನಮ್ಮ ಪರಂಪರೆಯ ಬುಡದಲ್ಲೇ ಇದೆ. ಪ್ರತಿ ರಮಜಾನಿನಲ್ಲಿ ಜಿಬ್ರೀಲ್ (ಅ) ಮತ್ತು ಪ್ರವಾದಿ ಮುಹಮ್ಮದ್ (ಸ) ಕುರ್‌ಆನನ್ನು ಪರಸ್ಪರ ಓದಿ ನೋಡುತ್ತಿದ್ದರು, ಕೊನೆಯ ವರ್ಷ ಎರಡು ಬಾರಿ ಹಾಗೆ ಮಾಡಿದರು ಎಂಬ ಹದೀಸ್ ನಿಮಗೆಲ್ಲ ಗೊತ್ತಿದೆ. ಅಬ್ದುಲ್ಲಾಹ್ ಇಬ್ನ್ ಮಸ್‌ಊದ್ (ರ) ಅವರಿಂದ ಓದಿಸಿ, ಸೂರಾ ನಿಸಾದ ಒಂದು ಆಯತ್ ಬರುವ ಹೊತ್ತಿಗೆ ಪ್ರವಾದಿಯವರ (ಸ) ಕಣ್ಣು ತುಂಬಿ ಬಂದ ಪ್ರಸಂಗವೂ ಗೊತ್ತಿದೆ. ಓದು ಬಾಯಿಂದ ಕಿವಿಗೆ, ಕಿವಿಯಿಂದ ಮತ್ತೆ ಬಾಯಿಗೆ, ಆ ಬಾಯಿಂದ ಗುರುವಿನ ಕಿವಿಗೆ ಹೀಗೆ ಸುತ್ತು ಬರುತ್ತಿತ್ತು. ಧ್ವನಿಮುದ್ರಣ ಯಂತ್ರ ಈ ಸುತ್ತಿನ ಅರ್ಧವನ್ನು ಅದ್ಭುತವಾಗಿ ಮಾಡಿಕೊಟ್ಟಿತು. ಇನ್ನರ್ಧ ಅದರಿಂದ ಆಗಲಿಲ್ಲ. ನಾನು ಹೇಳಬೇಕಾದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದ. ಅದಕ್ಕೆ ಮೊದಲು ಮನುಷ್ಯನ ದನಿ ಮನುಷ್ಯ ಎದುರಿಗಿಲ್ಲದೆ ಕೇಳಿಬರುತ್ತಿದ್ದುದು ಹೆಚ್ಚಾಗಿ ಎರಡು ಸಂದರ್ಭದಲ್ಲಿ. ಒಂದು, ಬೆಟ್ಟದಿಂದ ಅಥವಾ ಗುಮ್ಮಟದಿಂದ ಮರಳಿ ಬರುವ ಮಾರ್ದನಿ. ಇನ್ನೊಂದು, ಪಳಗಿಸಿದ ಗಿಳಿ. ಆಶ್ಚರ್ಯವೆಂದರೆ ನಮ್ಮ ಹಳೆಯ ಹನಫಿ ಫಿಕ್ಹ್ ಗ್ರಂಥಗಳು ಈ ಎರಡನ್ನೂ ಚರ್ಚಿಸಿಬಿಟ್ಟಿವೆ. ಸಜ್ದಾದ ಆಯತ್ ಕಿವಿಗೆ ಬಿದ್ದರೆ ಕೇಳಿದವನ ಮೇಲೆ ಸಜ್ದಾ ವಾಜಿಬ್ ಆಗುತ್ತದೆ. ಹಾಗಾದರೆ ಅದೇ ಆಯತ್ ಮಾರ್ದನಿಯಾಗಿ ಕೇಳಿಸಿದರೆ, ಗಿಳಿಯ ಬಾಯಲ್ಲಿ ಕೇಳಿಸಿದರೆ? ವಾಜಿಬ್ ಆಗುವುದಿಲ್ಲ ಎಂಬುದೇ ಅಲ್ಲಿ ಬಲವಾದ ಅಭಿಪ್ರಾಯ. ಶಬ್ದ ಅದೇ ಆದರೂ ಅಲ್ಲಿ ಓದುವವನಿಲ್ಲ. ತಾನು ಓದುತ್ತಿದ್ದೇನೆ ಎಂಬ ಅರಿವುಳ್ಳವನ ಬಾಯಿಂದ ಬಂದದ್ದು ಮಾತ್ರ ತಿಲಾವತ್.

ಯಂತ್ರ ಬಂದಾಗ ಉಲಮಾಗಳು ಕಂಗಾಲಾಗಲಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. 19ನೇ ಶತಮಾನದ ಕೊನೆಯಲ್ಲೇ, ಈಗ ಜಕಾರ್ತ ಎಂದು ಕರೆಯುವ ಬಟಾವಿಯಾದಲ್ಲಿ ಸಯ್ಯಿದ್ ಉಸ್ಮಾನ್ ಎಂಬ ವಿದ್ವಾಂಸರು ಫೋನೋಗ್ರಾಫಿನಲ್ಲಿ ಕುರ್‌ಆನ್ ಕೇಳುವ ಪ್ರಶ್ನೆಯನ್ನು ಎತ್ತಿಕೊಂಡು ಬರೆದರು. ನಮ್ಮ ದೇಶದ ಹನಫಿ ಮುಫ್ತಿಗಳಲ್ಲಿ ಹೆಚ್ಚಿನವರು ರೆಕಾರ್ಡನ್ನು ಮಾರ್ದನಿಯ ಸಾಲಿಗೆ ಸೇರಿಸಿದರು. ಅಂದರೆ ಅದರಿಂದ ಸಜ್ದಾದ ಆಯತ್ ಕೇಳಿದರೆ ಸಜ್ದಾ ವಾಜಿಬ್ ಅಲ್ಲ, ಆದರೆ ಕೇಳುವಾಗ ಅದಬ್ ಬೇಕು. ಕರಾವಳಿಯ ನಮ್ಮ ಶಾಫಿಈ ಬಂಧುಗಳಲ್ಲಿ ಆ ಸಜ್ದಾವೇ ಸುನ್ನತ್. ಮಸ್‌ಅಲಾ ಹೇಳುವ ಅಧಿಕಾರ ನನ್ನದಲ್ಲ, ಹಜ್ರತರು ಇಲ್ಲೇ ಇದ್ದಾರೆ. ನಾನು ಇದನ್ನು ಹೇಳಿದ್ದು ಬೇರೊಂದು ಕಾರಣಕ್ಕೆ. ‘ಶಬ್ದ ಬೇರೆ, ಓದುವವನು ಬೇರೆ’ ಎಂಬ ಭೇದವನ್ನು ನಮ್ಮ ಹಿರಿಯರು ಯಂತ್ರಕ್ಕಿಂತ ನೂರಾರು ವರ್ಷ ಮೊದಲೇ ಗುರುತಿಸಿದ್ದರು. ಈ ಭೇದವನ್ನು ನಾವು ಮರೆತಾಗಲೇ ಕಲಿಕೆಯಲ್ಲಿ ತೊಂದರೆ ಶುರುವಾಗುತ್ತದೆ.

ಈಗ ಈಜಿಪ್ಟಿಗೆ ಹೋಗೋಣ. ಕುರ್‌ಆನ್ ಪಠಣದ ತುಣುಕುಗಳು ಗ್ರಾಮಫೋನ್ ರೆಕಾರ್ಡುಗಳಲ್ಲಿ ಮೊದಲಿನಿಂದಲೂ ಬಂದಿದ್ದವು. 1934ರಲ್ಲಿ ಈಜಿಪ್ಟಿನ ಸರ್ಕಾರಿ ರೇಡಿಯೋ ಆರಂಭವಾದದ್ದೇ ಶೇಖ್ ಮುಹಮ್ಮದ್ ರಿಫ್‌ಅತ್ ಅವರ ಪಠಣದಿಂದ. ಆದರೆ ಪೂರ್ತಿ ಕುರ್‌ಆನ್ ಮೊದಲಿನಿಂದ ಕೊನೆಯವರೆಗೆ ಮುದ್ರಣವಾಗಿ ಸಾರ್ವಜನಿಕರಿಗೆ ಸಿಕ್ಕಿದ್ದು 1961ರಲ್ಲಿ. ಅಷ್ಟು ತಡವಾದದ್ದು ಏಕೆ? ಒಂದು ಸಣ್ಣ ಲೆಕ್ಕ ಮಾಡಿದರೆ ಅರ್ಥವಾಗುತ್ತದೆ.

ನಿಧಾನವಾಗಿ, ಸ್ಪಷ್ಟವಾಗಿ ಓದುವ ಮುರತ್ತಲ್ ಶೈಲಿಯಲ್ಲಿ ಮೂವತ್ತು ಪಾರಾಗಳಿಗೆ ಸುಮಾರು 30 ಗಂಟೆ ಬೇಕು ಎಂದಿಟ್ಟುಕೊಳ್ಳೋಣ. ಅಂದರೆ 1800 ನಿಮಿಷ. ಹಳೆಯ ಹತ್ತಿಂಚಿನ ರೆಕಾರ್ಡು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಅದರ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು 3 ನಿಮಿಷದ ಶಬ್ದ. 1800 ನಿಮಿಷಕ್ಕೆ 600 ಮಗ್ಗುಲು, ಅಂದರೆ 300 ರೆಕಾರ್ಡು. ಒಂದೊಂದು ಸುಮಾರು 200 ಗ್ರಾಂ ಎಂದರೂ ಒಟ್ಟು 60 ಕಿಲೋ ತೂಕ, ಕೆಳಗೆ ಬಿದ್ದರೆ ಒಡೆಯುವ ಅರಗಿನ ತಟ್ಟೆಗಳು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ಮೂರು ನಿಮಿಷಕ್ಕೊಮ್ಮೆ ಓದು ನಿಲ್ಲಬೇಕು. ಕುರ್‌ಆನಿನಲ್ಲಿ ಎಲ್ಲೆಂದರಲ್ಲಿ ನಿಲ್ಲುವಂತಿಲ್ಲ, ವಕ್ಫ್‌ಗೆ ನಿಯಮವಿದೆ, ತಪ್ಪು ಜಾಗದಲ್ಲಿ ನಿಂತರೆ ಅರ್ಥ ಕೆಡುತ್ತದೆ. ಯಾಸೀನ್ ಸೂರಾವನ್ನು ಮೂರು ಮೂರು ನಿಮಿಷದ ಚೂರು ಮಾಡಿ ಕೇಳುವುದನ್ನು ಊಹಿಸಿಕೊಳ್ಳಿ. ಆಯತ್ ಮುಗಿಯುವ ಮೊದಲೇ ತಟ್ಟೆ ಮುಗಿದರೆ ಏನು ಗತಿ?

1948ರಲ್ಲಿ ನಿಧಾನ ತಿರುಗುವ ಎಲ್.ಪಿ. ರೆಕಾರ್ಡು ಬಂತು. ಅದರ ಒಂದು ಮಗ್ಗುಲಿಗೆ ಸುಮಾರು 25 ನಿಮಿಷ. ಅದೇ 1800 ನಿಮಿಷಕ್ಕೆ ಈಗ 72 ಮಗ್ಗುಲು, ಅಂದರೆ 36 ರೆಕಾರ್ಡು ಸಾಕು. ಅಷ್ಟರಲ್ಲಿ ಸ್ಟುಡಿಯೋಗಳಲ್ಲಿ ಟೇಪು ಬಳಕೆಗೆ ಬಂದಿತ್ತು. ಟೇಪಿನಲ್ಲಿ ಓದಿ, ತಪ್ಪಿದ ಕಡೆ ಮತ್ತೆ ಓದಿ, ತಪ್ಪನ್ನು ಕತ್ತರಿಸಿ, ಸರಿಯಾದುದನ್ನು ಅಂಟಿಸಬಹುದು. ಈ ಎರಡು ಸೇರಿದ ಮೇಲೆಯೇ ಪೂರ್ತಿ ಕುರ್‌ಆನ್ ಮುದ್ರಣ ಸಾಧ್ಯವಾದದ್ದು.

ಆ ಕೆಲಸವನ್ನು ಮುಂದಿಟ್ಟವರು ಲಬೀಬ್ ಅಸ್ಸಈದ್ ಎಂಬ ಈಜಿಪ್ಟಿನ ವಿದ್ವಾಂಸರು. 1959ರಲ್ಲಿ ಅವರು ಈ ಸಲಹೆ ಕೊಟ್ಟಾಗ ಅವರ ವಾದ ಸರಳವಾಗಿತ್ತು. ಮುಸ್‌ಹಫ್ ಅಕ್ಷರವನ್ನು ಕಾಪಾಡುತ್ತದೆ, ಆದರೆ ಉಚ್ಚಾರವನ್ನು ಅಕ್ಷರ ಹೇಳಿಕೊಡಲಾರದು. ಅದು ಗುರುಗಳ ಬಾಯಲ್ಲಿದೆ, ಗುರುಗಳು ತೀರಿಹೋಗುತ್ತಿದ್ದಾರೆ. ಪೂರ್ವದಲ್ಲಿ ಬರಹದ ಸಂಗ್ರಹ ಆದಂತೆ ಈಗ ದನಿಯ ಸಂಗ್ರಹ ಆಗಬೇಕು. ಈ ಯೋಜನೆಗಾಗಿ ಓದಿದವರು ಶೇಖ್ ಮಹ್ಮೂದ್ ಖಲೀಲ್ ಅಲ್ ಹುಸರಿ. ಆಸಿಮರಿಂದ ಹಫ್ಸ್ ಅವರ ರಿವಾಯತ್, ಅಂದರೆ ನಾವು ಇಲ್ಲಿ ಓದುವ ಅದೇ ಓದು. ಜನರನ್ನು ಭಾವಪರವಶಗೊಳಿಸುವ, ಎಳೆದು ಎಳೆದು ಓದುವ ಮುಜವ್ವದ್ ಶೈಲಿಯನ್ನು ಬಿಟ್ಟು, ಪಾಠಕ್ಕೆ ಅನುಕೂಲವಾಗುವ ಮುರತ್ತಲ್ ಶೈಲಿಯನ್ನೇ ಆರಿಸಿದರು. 1961ರ ಜುಲೈನಲ್ಲಿ ಅದು ಹೊರಬಂತು. 1964ರಲ್ಲಿ ಕೈರೋದಲ್ಲಿ ಕುರ್‌ಆನಿಗೆಂದೇ ಒಂದು ರೇಡಿಯೋ ಕೇಂದ್ರ ಆರಂಭವಾಯಿತು.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಿತು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಪಾರಾ ಸರಿಯಾಗಿ ಕೂರುತ್ತದೆ. ಮೂವತ್ತು ಪಾರಾ, ಮೂವತ್ತು ಕ್ಯಾಸೆಟ್. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ಆ ಕ್ಯಾಸೆಟ್ಟುಗಳನ್ನು ಇಲ್ಲಿ ಕುಳಿತ ಹಿರಿಯರು ನೋಡಿರುತ್ತೀರಿ. ಹುಸರಿಯವರ ಓದು ಕೈರೋದಿಂದ ನಮ್ಮ ಹೆಂಚಿನ ಮನೆಗಳಿಗೆ ಬಂದದ್ದು ಹೀಗೆ.

ಈಗ ನನ್ನ ಸ್ವಂತ ಕಥೆ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ನಮ್ಮ ಮನೆಯಲ್ಲೂ ಒಂದು ಕ್ಯಾಸೆಟ್ ಇತ್ತು, ಕೊನೆಯ ಪಾರಾದ್ದು. ಅಸಲು ಕ್ಯಾಸೆಟ್ ಅಲ್ಲ. ಯಾರೋ ತಂದದ್ದರಿಂದ ಮಾಮು ನಕಲು ಮಾಡಿಸಿದ್ದರು, ಮಾಮುವಿನದರಿಂದ ಅಬ್ಬಾ ಮಾಡಿಸಿದ್ದರು. ಮಗ್ರಿಬ್ ಆದ ಮೇಲೆ ಅದನ್ನು ಹಾಕಿ, ಅದರ ಜೊತೆ ಓದಿ, ಒಂದು ತಿಂಗಳಲ್ಲಿ ಹಲವು ಸೂರಾ ಬಾಯಿಪಾಠ ಮಾಡಿದೆ. ಮನೆಯಲ್ಲಿ ಎಲ್ಲರೂ ಮೆಚ್ಚಿದರು. ಮಕ್ತಬಿಗೆ ಹೋಗಿ ಹಜ್ರತರ ಮುಂದೆ ಒಪ್ಪಿಸಿದೆ. ಕೌಸರ್ ಸೂರಾದ ಮೊದಲ ಆಯತ್ ಮುಗಿಯುತ್ತಲೇ ಅವರು ಬೆರಳೆತ್ತಿದರು.

“ಏನು ಓದಿದೆ ಬೇಟಾ? ಇನ್ನೊಂದು ಸಲ ಓದು.”

ಮತ್ತೆ ಓದಿದೆ. ನಾನು ‘ಕೌಸರ್’ ಎಂದೂ ಓದುತ್ತಿರಲಿಲ್ಲ, ಅರಬಿಯ ‘ಸಾ’ ಅಕ್ಷರವನ್ನು ಹಲ್ಲಿನ ನಡುವೆ ನಾಲಗೆ ತುದಿ ತಂದು ಹೇಳಬೇಕಾದಂತೆಯೂ ಓದುತ್ತಿರಲಿಲ್ಲ. ಸ್ಪಷ್ಟವಾಗಿ ‘ಕೌಫರ್’ ಎನ್ನುತ್ತಿದ್ದೆ. “ಕ್ಯಾಸೆಟ್ಟಿನಲ್ಲಿ ಹಾಗೇ ಇದೆ ಹಜ್ರತ್” ಎಂದೆ. ಅವರು ಬೈಯಲಿಲ್ಲ. ಮರುದಿನ ಕ್ಯಾಸೆಟ್ ತರಿಸಿ ಹಾಕಿ ಕೇಳಿದರು. ಎರಡು ಸಲ ಕೇಳಿ, “ಹುಡುಗನ ಕಿವಿಯದು ತಪ್ಪಿಲ್ಲ, ಇದರಲ್ಲಿ ಹಾಗೇ ಕೇಳಿಸುತ್ತದೆ” ಎಂದರು.

ಕಾರಿಗಳು ತಪ್ಪು ಓದಿರಲು ಸಾಧ್ಯವಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಇದರ ಉತ್ತರ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಈ ಉಪನ್ಯಾಸಕ್ಕೆ ಕರೆಯಲು ನಮ್ಮ ಅತಿಥಿಗಳ ಮನೆಗೆ ಹೋಗಿದ್ದಾಗ. ಶಬ್ದವೆಂದರೆ ಗಾಳಿಯ ಕಂಪನ. ಗಂಡಸರ ಕಂಠದ ಮೂಲ ದನಿ ಸೆಕೆಂಡಿಗೆ ನೂರು ನೂರೈವತ್ತು ಕಂಪನದ ಆಸುಪಾಸಿನಲ್ಲಿರುತ್ತದೆ. ಆ, ಈ, ಊ ಎಂಬ ಸ್ವರಗಳನ್ನು ಗುರುತಿಸಲು ಮೂರು ಸಾವಿರದವರೆಗಿನ ಕಂಪನಗಳು ಸಿಕ್ಕರೆ ಸಾಕು. ಆದರೆ ‘ಸ’ಕಾರದ ಸಿಳ್ಳಿನ ಬಹುಭಾಗ ಇರುವುದು ನಾಲ್ಕು ಸಾವಿರಕ್ಕಿಂತ ಮೇಲೆ. ನಾಲಗೆ ತುದಿಯ ‘ಸಾ’ ಮತ್ತು ತುಟಿಯ ‘ಫಾ’ ಇನ್ನೂ ಸೂಕ್ಷ್ಮ. ಎರಡೂ ಬರೀ ಮೆಲ್ಲನೆಯ ಉಸಿರು, ಅವುಗಳ ವ್ಯತ್ಯಾಸವೂ ಆ ಮೇಲಿನ ಭಾಗದಲ್ಲೇ ಹೆಚ್ಚು. ಹಳೆಯ ಟೆಲಿಫೋನ್ ಸುಮಾರು 300ರಿಂದ 3400 ಕಂಪನದವರೆಗೆ ಮಾತ್ರ ಸಾಗಿಸುತ್ತಿತ್ತು. ಫೋನಿನಲ್ಲಿ ಹೆಸರು ಹೇಳುವಾಗ ‘ಸ’ ಮತ್ತು ‘ಫ’ ಅದಲುಬದಲಾಗಿ ಕೇಳಿಸಿ ಮತ್ತೆ ಮತ್ತೆ ಹೇಳಬೇಕಾಗುತ್ತಿದ್ದುದು ಇದೇ ಕಾರಣಕ್ಕೆ.

ಕ್ಯಾಸೆಟ್ ನಕಲಿನಲ್ಲೂ ಅದೇ ಆಗುತ್ತದೆ. ಪ್ರತಿ ನಕಲಿಗೆ ಮೇಲಿನ ಕಂಪನ ಸ್ವಲ್ಪ ಸೋರುತ್ತದೆ, ಅದರ ಬದಲಿಗೆ ಟೇಪಿನ ‘ಸ್ಸ್’ ಎಂಬ ಗದ್ದಲ ಸ್ವಲ್ಪ ಸೇರುತ್ತದೆ. ಟೇಪನ್ನು ಓದುವ ಹೆಡ್ ಕೂದಲೆಳೆಯಷ್ಟು ಓರೆಯಾಗಿದ್ದರೂ ಮೊದಲು ಹೋಗುವುದು ಈ ಮೇಲಿನ ಭಾಗವೇ. ನಮ್ಮ ಕ್ಯಾಸೆಟ್ ನಕಲಿನ ನಕಲು. ಅದರಲ್ಲಿ ಸ್ವರ ಸರಿಯಿತ್ತು, ರಾಗ ಸರಿಯಿತ್ತು, ಮದ್ದಿನ ಉದ್ದ ಸರಿಯಿತ್ತು. ಹೋಗಿದ್ದು ನಾಲಗೆ ತುದಿಯ ಉಸಿರು ಮಾತ್ರ. ಇಂಪಿಗೆ ಏನೂ ಕೊರತೆ ಇರಲಿಲ್ಲವಾದ್ದರಿಂದ ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಟೇಪ್‌ರೆಕಾರ್ಡರಿನ ಬೆಲ್ಟು ಸಡಿಲಾಗಿ ಟೇಪು ಒಂದೇ ಸಮನೆ ನಿಧಾನ ಓಡಿದರೆ ದನಿ ಗೊಗ್ಗರಾಗುತ್ತದೆ, ಯಾರಿಗಾದರೂ ತಕ್ಷಣ ತಿಳಿಯುತ್ತದೆ. ಆದರೆ ಅದರಿಂದ ಮದ್ದಿನ ಪಾಠ ಕೆಡುವುದಿಲ್ಲ. ಎರಡು ಹರಕತ್ತೂ ನಾಲ್ಕು ಹರಕತ್ತೂ ಒಂದೇ ಪ್ರಮಾಣದಲ್ಲಿ ಉದ್ದವಾಗುವುದರಿಂದ ಅವುಗಳ ನಡುವಿನ ಒಂದಕ್ಕೆರಡು ಎಂಬ ಲೆಕ್ಕ ಹಾಗೇ ಉಳಿಯುತ್ತದೆ. ಕಿವಿಗೆ ಕೆಟ್ಟದಾಗಿ ಕೇಳಿದ್ದು ಪಾಠಕ್ಕೆ ಕೆಡುಕಲ್ಲ, ಕಿವಿಗೆ ಇಂಪಾಗಿ ಕೇಳಿದ್ದು ಪಾಠವನ್ನು ಕೆಡಿಸಿತು. ಇಂದು ಕ್ಯಾಸೆಟ್ ಇಲ್ಲ, ಆದರೆ ತೊಂದರೆ ಪೂರ್ತಿ ಹೋಗಿಲ್ಲ. ಗಾತ್ರ ಬಹಳ ಕಡಿಮೆ ಮಾಡಿದ ಧ್ವನಿ ಫೈಲುಗಳಲ್ಲಿ ಮೊದಲು ಕತ್ತರಿಸಿಹೋಗುವುದು ಇದೇ ಮೇಲಿನ ಕಂಪನಗಳು. ಪರೀಕ್ಷೆ ಸುಲಭ. ‘ಸೀನ್’ ಅಕ್ಷರ ಹಾವಿನ ಬುಸುಗಿನಂತೆ ಹರಿತವಾಗಿ ಕೇಳುತ್ತದೆಯೇ ನೋಡಿ. ಅದೇ ಮಂಕಾಗಿದ್ದರೆ ಆ ಫೈಲಿನಿಂದ ‘ಸಾ’, ‘ಸ್ವಾದ್’ ಕಲಿಯಲು ಹೋಗಬೇಡಿ.

ಆ ದಿನ ಹಜ್ರತರು ನನ್ನನ್ನು ತಿದ್ದಿದ್ದು ಹೇಗೆ? ಬಾಯಿ ತೆರೆದು ತೋರಿಸಿ. ಮೇಲಿನ ಮುಂಹಲ್ಲಿನ ತುದಿಗೆ ನಾಲಗೆ ತುದಿ ತಾಗಿಸಿ ಉಸಿರು ಬಿಟ್ಟರು. ನನ್ನ ಕೈಯನ್ನು ತಮ್ಮ ಬಾಯಿಯ ಮುಂದೆ ಹಿಡಿದು ಆ ಉಸಿರು ತಾಗುವಂತೆ ಮಾಡಿದರು. ನಂತರ ನನ್ನಿಂದ ಹೇಳಿಸಿದರು. ಹತ್ತು ಹನ್ನೆರಡು ಸಲ ಆದ ಮೇಲೆ ತಲೆಯಾಡಿಸಿದರು. ರೆಕಾರ್ಡಿಗೆ ಬಾಯಿಯಿಲ್ಲ, ತೋರಿಸಲಾರದು. ಕಿವಿಯಿಲ್ಲ, ನಾನು ಹೇಳಿದ್ದು ಅದಕ್ಕೆ ಕೇಳಿಸದು.

ಇನ್ನೊಂದು ತಪ್ಪನ್ನೂ ಅವರು ಹಿಡಿದರು. ಒಂದು ಸೂರಾದ ನಡುವೆ ನಾನು ನಿಲ್ಲಬಾರದ ಕಡೆ ಉದ್ದಕ್ಕೆ ನಿಂತು ಮುಂದೆ ಹೋಗುತ್ತಿದ್ದೆ. ಅಲ್ಲಿ ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುತ್ತಿತ್ತು! ನಾನು ಆಯತ್ತಿನ ಜೊತೆಗೆ ಕ್ಯಾಸೆಟ್ ತಿರುವಿ ಹಾಕುವ ಹೊತ್ತನ್ನೂ ಬಾಯಿಪಾಠ ಮಾಡಿದ್ದೆ. (ಸಭೆಯಲ್ಲಿ ನಗು) ನಗಬಹುದು, ಆದರೆ ಕೇಳಿ ಕಲಿಯುವ ಮಗು ಯಾವುದು ಪಾಠ, ಯಾವುದು ಯಂತ್ರದ ಅಡಚಣೆ ಎಂದು ಹೇಗೆ ಬಿಡಿಸಿ ನೋಡೀತು?

ದೊಡ್ಡವರ ಕಿವಿಯ ಮೇಲೂ ಯಂತ್ರ ಒಂದು ಪರಿಣಾಮ ಮಾಡಿದೆ. ತರಾವೀಹಿನಲ್ಲಿ ಇಮಾಮರು ಎಲ್ಲೋ ತಡವರಿಸಿದರೆ ಹಿಂದಿನ ಸಾಲಿನ ಹಾಫಿಜರು ಲುಕ್ಮಾ ಕೊಡುತ್ತಾರೆ. ಅಂದರೆ ಕೇಳುವವನು ಎಚ್ಚರದಿಂದಿದ್ದಾನೆ, ಕೇಳುವುದರಲ್ಲಿ ಅವನಿಗೆ ಜವಾಬ್ದಾರಿ ಇದೆ. ರೆಕಾರ್ಡಿನಲ್ಲಿ ಯಾರೂ ತಡವರಿಸುವುದಿಲ್ಲ. ತಡವರಿಸಿದ್ದನ್ನು ಮೊದಲೇ ಕತ್ತರಿಸಿ ತೆಗೆದಿರುತ್ತಾರೆ. ನಮ್ಮ ಅತಿಥಿಗಳು ತಮ್ಮ ಕೆಲಸದ ದಿನಗಳಲ್ಲಿ ಬ್ಲೇಡಿನಿಂದ ಟೇಪನ್ನು ಓರೆಯಾಗಿ ಕತ್ತರಿಸಿ ಅಂಟಿಸುತ್ತಿದ್ದ ರೀತಿಯನ್ನು ನಮಗೆ ಕೈಯಲ್ಲಿ ಮಾಡಿ ತೋರಿಸಿದರು. ಕೆಮ್ಮು, ಉಗುಳು ನುಂಗುವ ಸದ್ದು, ತಪ್ಪಿ ತಿದ್ದಿಕೊಂಡ ಮಾತು ಎಲ್ಲ ಕಸದ ಬುಟ್ಟಿಗೆ. ಹೀಗೆ ಎಂದೂ ತಪ್ಪದ ಓದನ್ನೇ ಕೇಳಿ ಬೆಳೆದ ಕಿವಿಗೆ ಎರಡು ರೋಗ ಬರುತ್ತವೆ. ಮೊದಲನೆಯದು, ಲುಕ್ಮಾ ಕೊಡುವ ಎಚ್ಚರ ಮಂಕಾಗುತ್ತದೆ. ಎರಡನೆಯದು, ಮೊಹಲ್ಲಾದ ಇಮಾಮರ ಸಾಮಾನ್ಯ ದನಿ ಸಪ್ಪೆ ಎನಿಸತೊಡಗುತ್ತದೆ. ಕೈರೋದ, ಮಕ್ಕಾದ ಕಾರಿಗಳ ಜೊತೆ, ಅದೂ ಸ್ಟುಡಿಯೋದ ಗುಂಯ್‌ಗುಡುವ ಮಾರ್ದನಿ ಬೆರೆಸಿದ ಓದಿನ ಜೊತೆ, ಬಡ ಇಮಾಮರನ್ನು ಹೋಲಿಸುತ್ತೇವೆ. ಆ ಬೆರೆಸಿದ ಮಾರ್ದನಿ ಇಂಪು ಹೆಚ್ಚಿಸುತ್ತದೆ ನಿಜ, ಆದರೆ ಎಲ್ಲಿ ಸ್ವರ ಮುಗಿಯಿತು ಎಂಬುದನ್ನು ಮುಚ್ಚುತ್ತದೆ. ಒಂದು ಹರಕತ್ ಎಲ್ಲಿ, ಎರಡು ಎಲ್ಲಿ ಎಂದು ಕಲಿಯಬೇಕಾದವನಿಗೆ ಅದು ಮಂಜು ಕವಿದ ದಾರಿ.

ಇಷ್ಟು ಹೇಳಿ ಯಂತ್ರವನ್ನು ದೂರಿ ಕೂರಲು ನಾನು ಬಂದಿಲ್ಲ. ಅದರಿಂದ ಹಿಂದೆ ಯಾರಿಗೂ ಸಿಗದಿದ್ದ ಒಂದು ವಸ್ತು ನಮಗೆ ಸಿಕ್ಕಿದೆ. ಅದು ನಮ್ಮದೇ ದನಿ. ಮಾತಾಡುವಾಗ ನಮ್ಮ ದನಿ ನಮಗೆ ಗಾಳಿಯಿಂದಷ್ಟೇ ಅಲ್ಲ, ತಲೆಯ ಮೂಳೆಗಳ ಮೂಲಕವೂ ಕೇಳುತ್ತದೆ. ಮೂಳೆ ತಗ್ಗಿನ ದನಿಯನ್ನು ಚೆನ್ನಾಗಿ ಸಾಗಿಸುವುದರಿಂದ ನಮ್ಮ ಓದು ನಮಗೆ ತುಂಬಿಕೊಂಡಂತೆ ಕೇಳುತ್ತದೆ. ರೆಕಾರ್ಡಿನಲ್ಲಿ ಕೇಳಿದಾಗ “ಇದು ನನ್ನ ದನಿಯಲ್ಲ” ಎನಿಸುವುದು ಅದಕ್ಕೇ. ಆದರೆ ಹಜ್ರತರಿಗೆ ಕೇಳುವುದು ಆ ದನಿಯೇ. 1877ಕ್ಕೆ ಮೊದಲು ಬದುಕಿದ ಯಾವ ಮಹಾನ್ ಕಾರಿಯೂ ತನ್ನ ಓದನ್ನು ಬೇರೆಯವರು ಕೇಳುವಂತೆ ಕೇಳಿರಲಿಲ್ಲ.

ನಮ್ಮ ತರಗತಿಯಲ್ಲಿ ಈಗ ನಾವು ಮಾಡುತ್ತಿರುವುದು ಇದನ್ನೇ. ಫ್ಯಾನ್ ಆರಿಸುತ್ತೇವೆ, ಏಕೆಂದರೆ ಅದರ ಗಾಳಿಯ ಸದ್ದು ‘ಸಾ’, ‘ಫಾ’ಗಳನ್ನು ನುಂಗುತ್ತದೆ. ಮೊಬೈಲನ್ನು ಬಾಯಿಯ ನೇರಕ್ಕೆ ಹಿಡಿಯದೆ, ಒಂದು ಗೇಣು ದೂರದಲ್ಲಿ ಸ್ವಲ್ಪ ಪಕ್ಕಕ್ಕೆ ಇಡುತ್ತೇವೆ. ನೇರ ಹಿಡಿದರೆ ಉಸಿರು ಬಡಿದು ‘ಬಾ’ ಒಡೆಯುತ್ತದೆ. ಅರ್ಧ ಪುಟ ಮಾತ್ರ ಓದುತ್ತೇವೆ. ಕೂಡಲೇ ಕೇಳುವುದಿಲ್ಲ, ಮರುದಿನ ಮುಸ್‌ಹಫ್ ಎದುರಿಗಿಟ್ಟುಕೊಂಡು ಕೇಳುತ್ತೇವೆ. ಓದಿದ ಕೂಡಲೇ ಕೇಳಿದರೆ ಮನಸ್ಸು ತಾನು ಓದಬೇಕೆಂದುಕೊಂಡದ್ದನ್ನೇ ಕೇಳಿಸಿಕೊಳ್ಳುತ್ತದೆ. ಮೊದಲ ಸಲ ಮದ್ದುಗಳನ್ನಷ್ಟೇ ಬೆರಳು ಮಡಿಸಿ ಎಣಿಸುತ್ತೇವೆ. ಎರಡನೇ ಸಲ ಗುನ್ನಾ, ಮೂರನೇ ಸಲ ಅಕ್ಷರಗಳು. ಅನುಮಾನ ಬಂದ ಕಡೆ ಸೀಸದಕಡ್ಡಿಯಿಂದ ಬೇರೆ ಚೀಟಿಯಲ್ಲಿ ಆಯತ್ ಸಂಖ್ಯೆ ಬರೆಯುತ್ತೇವೆ.

ಭಾನುವಾರ ಆ ಚೀಟಿ ಹಜ್ರತರ ಮುಂದೆ ಹೋಗುತ್ತದೆ. ಹೀಗೆ ಮಾಡಿದ್ದರಿಂದ ನನಗೆ ತಿಳಿದದ್ದು ಇಷ್ಟು. ಮದ್ದು, ಗುನ್ನಾ, ವಕ್ಫಿನ ತಪ್ಪುಗಳಲ್ಲಿ ಬಹುಪಾಲನ್ನು ನನ್ನ ಕಿವಿಯೇ ಹಿಡಿಯಬಲ್ಲದು. ಆದರೆ ‘ಜ್ವಾದ್’ ಅಕ್ಷರದ ಮಖ್ರಜ್ ಸರಿಯೋ ಇಲ್ಲವೋ ಎಂಬುದು ನನಗೆ ತಿಳಿಯುವುದೇ ಇಲ್ಲ. ಉರ್ದುವಿನಲ್ಲಿ ‘ಜಾಲ್’, ‘ಜೇ’, ‘ಜ್ವಾದ್’, ‘ಜೋಯ್’ ನಾಲ್ಕನ್ನೂ ಒಂದೇ ರೀತಿ ಉಚ್ಚರಿಸಿ ಬೆಳೆದ ಕಿವಿ ನನ್ನದು. ತನಗೆ ಗೊತ್ತಿಲ್ಲದ ಭೇದವನ್ನು ಕಿವಿ ತಾನಾಗಿ ಹುಡುಕಲಾರದು. ಸಾವಿರ ಸಲ ರೆಕಾರ್ಡು ಹಾಕಿದರೂ ಅದು ತನ್ನ ಭಾಷೆಯ ‘ಜ’ವನ್ನೇ ಕೇಳಿಸಿಕೊಳ್ಳುತ್ತದೆ. ಅಲ್ಲಿಗೆ ಇನ್ನೊಬ್ಬರ ಕಿವಿ ಬೇಕೇ ಬೇಕು.

ಆದ್ದರಿಂದಲೇ ಲಬೀಬ್ ಅಸ್ಸಈದರು ಕೈರೋದಲ್ಲಿ ಅಷ್ಟೆಲ್ಲ ಶ್ರಮಪಟ್ಟು ಮಾಡಿದ ಕೆಲಸ ಗುರುವಿನ ಬದಲಿಗೆ ಬಂದದ್ದಲ್ಲ, ಗುರುವಿನ ಓದು ಅಳಿಯದಂತೆ ಕಾಪಿಟ್ಟ ಠೇವಣಿ ಎಂದು ನಾನು ತಿಳಿದಿದ್ದೇನೆ. ಠೇವಣಿ ಇದ್ದಲ್ಲೇ ಇರುತ್ತದೆ. ಅದನ್ನು ಬಿಡಿಸಿ ಕೈಗೆ ಕೊಡಲು ಒಬ್ಬ ಮನುಷ್ಯ ಬೇಕು. ನಮ್ಮಲ್ಲಿ ಹಲವು ತಂದೆತಾಯಿಗಳು ಮಗುವಿಗೆ ಮೊಬೈಲಿನಲ್ಲಿ ಕಾರಿಗಳ ಓದು ಹಾಕಿಕೊಟ್ಟು, “ಇಷ್ಟು ಒಳ್ಳೆಯ ಓದು ಇಲ್ಲೇ ಸಿಗುವಾಗ ಮಕ್ತಬ್ ಏಕೆ?” ಎಂದು ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಒಂದೇ: ಆ ಓದನ್ನು ನಿಮ್ಮ ಮಗು ಕೇಳುತ್ತದೆ, ಒಪ್ಪುತ್ತೇನೆ. ನಿಮ್ಮ ಮಗುವಿನ ಓದನ್ನು ಯಾರು ಕೇಳುತ್ತಾರೆ?

ಇಂದಿನ ಅತಿಥಿಗಳು ರೇಡಿಯೋ ಕೇಂದ್ರವೊಂದರ ಧ್ವನಿಮುದ್ರಣ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಅವರ ಪರಿಚಯ ಆಹ್ವಾನ ಪತ್ರಿಕೆಯಲ್ಲಿ ಬಂದಿರುವುದರಿಂದ ಮತ್ತೆ ಹೇಳುವುದಿಲ್ಲ. ನಾವು ಮನೆಗೆ ಹೋದಾಗ ಅವರು ಹೇಳಿದ ಒಂದು ಮಾತನ್ನು ಮಾತ್ರ ಹೇಳುತ್ತೇನೆ. ಸ್ಟುಡಿಯೋದಲ್ಲಿ ಕೂತು ದನಿ ಹಿಡಿಯುವವನಿಗೆ ಎದುರಿಗೆ ಕೇಳುಗನಿರುವುದಿಲ್ಲ, ಆದ್ದರಿಂದ ಅವನು ಮನಸ್ಸಿನಲ್ಲೇ ಒಬ್ಬ ಕೇಳುಗನನ್ನು ಕೂರಿಸಿಕೊಂಡು ಕೆಲಸ ಮಾಡಬೇಕು ಎಂದರು. ಅವರು ಇಷ್ಟು ವರ್ಷ ಮನಸ್ಸಿನಲ್ಲಿ ಕೂರಿಸಿಕೊಂಡಿದ್ದ ಆ ಕೇಳುಗರು ಇಂದು ಈ ಸಭೆಯಲ್ಲಿ ಎದುರಿಗೇ ಇದ್ದಾರೆ.

ಜನಾಬ್, ತಾವು ದಯವಿಟ್ಟು ಮಾತನಾಡಬೇಕೆಂದು ತರಗತಿಯ ಪರವಾಗಿ ವಿನಂತಿಸುತ್ತೇನೆ. ಸಹಪಾಠಿಗಳೇ, ಮೊಬೈಲುಗಳನ್ನು ಜೇಬಿಗೆ ಹಾಕಿ. ಇಂದು ಕಿವಿಯಿಂದ ಕೇಳೋಣ. ಉಪನ್ಯಾಸ ಮುಗಿದ ಮೇಲೆ ಅರ್ಧ ಗಂಟೆ ಇದೆ, ಆಗ ಬಾಯಿಂದಲೂ ಕೇಳೋಣ.